ಒಪ್ಪಿಕೊಂಡ ಆಫರ್ ವಾಪಸ್ ಹೋದರೆ ನಷ್ಟ ಯಾವ ಕೆಲಸದ್ದು: ಸಿಗದೇ ಹೋದದ್ದರದ್ದೋ, ಬಿಟ್ಟು ಬಂದದ್ದರದ್ದೋ?

ರಾಜೀನಾಮೆ ಕೊಟ್ಟು ಐವತ್ತು ದಿನ ಆಗಿದೆ. ಹಳೆ ಆಫೀಸಿನಲ್ಲಿ ಕೆಲಸವನ್ನೆಲ್ಲ ಬೇರೆಯವರಿಗೆ ಒಪ್ಪಿಸಿಯಾಗಿದೆ. ಇನ್ನು ಹತ್ತು ದಿನ ಕಳೆದರೆ ಬಿಡುಗಡೆ. ಅಷ್ಟರಲ್ಲಿ ಹೊಸ ಕಂಪನಿಯ ಎಚ್‌ಆರ್ ಕಡೆಯಿಂದ ನಾಲ್ಕು ಸಾಲಿನ ಮೇಲ್ ಬರುತ್ತದೆ: ನಮ್ಮ ವ್ಯವಹಾರದ ಅಗತ್ಯಗಳು ಬದಲಾಗಿರುವುದರಿಂದ ನಿಮಗೆ ಕೊಟ್ಟಿದ್ದ ಆಫರನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ, ನಿಮಗೆ ಶುಭವಾಗಲಿ.

ಇಂಥ ಮೇಲ್ ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಒಪ್ಪಿಕೊಂಡ ಮೇಲೂ ಹೀಗೆ ಮಾಡಬಹುದಾ? ಮಾಡಬಹುದು, ಮಾಡುತ್ತಲೂ ಇದ್ದಾರೆ. ಒಲ್ಲದ ಕಂಪನಿಯೊಳಗೆ ಒಬ್ಬರನ್ನು ಕೂರಿಸಿ ಕೆಲಸ ಕೊಡಿಸಲು ಖಾಸಗಿ ಉದ್ಯೋಗದ ವಿಷಯದಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಒಬ್ಬ ವ್ಯಕ್ತಿಯ ದುಡಿಮೆ, ಇಬ್ಬರ ನಡುವಿನ ನಂಬಿಕೆ ಇವನ್ನು ಆದೇಶದ ಮೇಲೆ ನಡೆಸಲಾಗದು ಎಂಬುದು ಹಳೆಯ ತತ್ವ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಹಿಂತೆಗೆದುಕೊಂಡವರು ಅದಕ್ಕೆ ಎಷ್ಟು ತೆರಬೇಕು? ಉತ್ತರ ದೇಶದಿಂದ ದೇಶಕ್ಕೆ ಮಾತ್ರವಲ್ಲ, ಒಂದೇ ದೇಶದಲ್ಲಿ ನೀವು ಯಾವ ಬಾಗಿಲಿಂದ ಒಳಗೆ ಹೋಗುತ್ತೀರಿ ಎಂಬುದರ ಮೇಲೂ ಬದಲಾಗುತ್ತದೆ.

ಗೋಜಲು ಹುಟ್ಟುವುದು ಇಲ್ಲಿ. ಆಫರ್, ಒಪ್ಪಿಗೆ, ರಾಜೀನಾಮೆ ಇವು ಮೂರು ಬೇರೆ ಬೇರೆ ಕ್ರಿಯೆಗಳು. ಮೊದಲ ಎರಡು ನಿಮ್ಮ ಮತ್ತು ಹೊಸ ಕಂಪನಿಯ ನಡುವೆ ನಡೆದವು. ಮೂರನೆಯದು ನಿಮ್ಮ ಮತ್ತು ಹಳೆ ಕಂಪನಿಯ ನಡುವಿನದು. ಕರಾರಿನ ಕಾನೂನಿನ ಕಣ್ಣು ಸಹಜವಾಗಿ ಮೊದಲ ಎರಡರ ಮೇಲೆ ನೆಟ್ಟಿರುತ್ತದೆ. ಆದರೆ ಮನೆಯ ಆದಾಯ ನಿಂತದ್ದು ಮೂರನೆಯದರಿಂದ. ಈ ಎರಡನ್ನೂ ಒಂದೇ ಲೆಕ್ಕದಲ್ಲಿ ತರುವುದು ಹೇಗೆ ಎಂಬುದೇ ಇಡೀ ವಿವಾದದ ತಿರುಳು.

ಮೊದಲು ಕರಾರು ಹುಟ್ಟಿತೇ ಎಂಬುದು ಇತ್ಯರ್ಥವಾಗಬೇಕು. ಒಪ್ಪಿಗೆ ಕೊಡುವ ತನಕ ಪ್ರಸ್ತಾವವನ್ನು ವಾಪಸ್ ಪಡೆಯಬಹುದು ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. ಭಾರತದ 1872ರ ಕರಾರು ಕಾಯ್ದೆ ಇದನ್ನು 4 ಮತ್ತು 5ನೇ ಕಲಮುಗಳಲ್ಲಿ ಬಿಡಿಸಿ ಹೇಳುತ್ತದೆ: ಪ್ರಸ್ತಾವ ಕೊಟ್ಟವರು ಅದನ್ನು ಹಿಂಪಡೆಯಬೇಕಾದರೆ, ತಮ್ಮನ್ನು ಕಟ್ಟಿಹಾಕುವ ಮಟ್ಟಿಗೆ ಒಪ್ಪಿಗೆಯ ಸಂವಹನ ಪೂರ್ತಿಯಾಗುವ ಮೊದಲೇ ಹಿಂಪಡೆಯಬೇಕು. ಅದಾದ ಮೇಲೆ ಆಗುವುದಿಲ್ಲ. ಅಂದರೆ ಒಪ್ಪಿಗೆ ತಲುಪಿದ ಮೇಲೆ ಬರುವ ‘ಆಫರ್ ವಾಪಸ್’ ಎಂಬ ಮಾತೇ ಕಾನೂನಿನ ದೃಷ್ಟಿಯಲ್ಲಿ ಸರಿಯಿಲ್ಲ. ಆಗ ಅಲ್ಲಿ ಆಫರ್ ಎಂಬುದು ಉಳಿದಿರುವುದಿಲ್ಲ, ಕರಾರು ಇರುತ್ತದೆ. ವಾಪಸ್ ಪಡೆದದ್ದು ಎಂದು ಅವರು ಕರೆಯುವುದು ಕರಾರಿನ ಉಲ್ಲಂಘನೆ, ಇಲ್ಲವೇ ನೋಟಿಸ್ ಇಲ್ಲದ ವಜಾ. ಎಚ್‌ಆರ್ ಮೇಲ್‌ನಲ್ಲಿ ಈ ಪದ ಬಳಸುವುದು ಅಭ್ಯಾಸದಿಂದ ಇರಬಹುದು. ನಾವು ನಮ್ಮ ಉತ್ತರದಲ್ಲಿ ಅದನ್ನೇ ಬಳಸಿ ಒಪ್ಪಿಕೊಳ್ಳಬೇಕಿಲ್ಲ.

ಕಂಪನಿಯ ಕಡೆಯವರ ಬಳಿ ಇದಕ್ಕೊಂದು ಸಿದ್ಧ ಉತ್ತರ ಇರುತ್ತದೆ: ಆಫರ್ ಷರತ್ತಿಗೆ ಒಳಪಟ್ಟದ್ದು, ಷರತ್ತು ಪೂರೈಸುವ ತನಕ ಕರಾರೇ ಇಲ್ಲ. ಹಿನ್ನೆಲೆ ಪರಿಶೀಲನೆ, ಹಿಂದಿನ ಕೆಲಸದವರ ಶಿಫಾರಸು, ವೈದ್ಯಕೀಯ ತಪಾಸಣೆ, ಪ್ರಮಾಣಪತ್ರಗಳ ತಾಳೆ, ಹಳೆ ಕಂಪನಿಯ ರಿಲೀವಿಂಗ್ ಲೆಟರ್ ಇಂಥವು ಪಟ್ಟಿಯಲ್ಲಿರುತ್ತವೆ. ಇಲ್ಲಿ ಒಂದು ಸೂಕ್ಷ್ಮ ಭೇದ ಇದೆ. ಕೆಲವು ಷರತ್ತು ಪೂರೈಸಿದ ಮೇಲಷ್ಟೇ ಕರಾರು ಹುಟ್ಟುತ್ತದೆ. ಇನ್ನು ಕೆಲವಿದ್ದರೆ ಕರಾರು ಈಗಲೇ ಹುಟ್ಟಿರುತ್ತದೆ, ಷರತ್ತು ವಿಫಲವಾದರೆ ಮುರಿದುಬೀಳುತ್ತದೆ. ಒಂದು ಬಾಗಿಲಿಗೆ ಹಾಕಿದ ಬೀಗವಾದರೆ ಇನ್ನೊಂದು ಒಳಗೆ ಬಂದವರನ್ನು ಹೊರಗೆ ಕಳಿಸುವ ಕಾರಣ. ಪತ್ರ ಬರೆದವರು ಈ ಭೇದವನ್ನು ಯೋಚಿಸಿಯೇ ಇರುವುದಿಲ್ಲ. ಎಷ್ಟೋ ಪತ್ರಗಳಲ್ಲಿ ಪ್ರೊಬೇಷನ್ ಮುಗಿಸುವುದನ್ನೂ ಅದೇ ಪಟ್ಟಿಗೆ ಸೇರಿಸಿರುತ್ತಾರೆ. ಪ್ರೊಬೇಷನ್ ಮುಗಿಯುವುದು ಕೆಲಸಕ್ಕೆ ಸೇರಿದ ಮೇಲೆ ತಾನೇ? ಅದೂ ಪೂರ್ವಷರತ್ತು ಎಂದಾದರೆ ಕೆಲಸ ಶುರುವಾಗುವುದಾದರೂ ಹೇಗೆ?

ಬ್ರಿಟನ್ನಿನ ಉದ್ಯೋಗ ಮೇಲ್ಮನವಿ ನ್ಯಾಯಮಂಡಳಿ 2025ರಲ್ಲಿ ತೀರ್ಮಾನಿಸಿದ ಒಂದು ಪ್ರಕರಣ ಈ ಭೇದದ ಮೇಲೆಯೇ ನಿಂತಿತ್ತು. ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರಿಗೆ ಆಫರ್ ಬಂತು, ಒಪ್ಪಿಕೊಂಡರು. ಶಿಫಾರಸು ಪತ್ರಗಳು ಮತ್ತು ಆ ದೇಶದಲ್ಲಿ ಕೆಲಸ ಮಾಡುವ ಹಕ್ಕಿನ ಪರಿಶೀಲನೆ ಷರತ್ತಾಗಿದ್ದವು. ಕೆಲಸ ಶುರುವಾಗುವ ಮುನ್ನವೇ ಪ್ರಾಜೆಕ್ಟ್ ತಡವಾಗಿದೆ ಎಂದು ಕಂಪನಿ ಆಫರ್ ಹಿಂಪಡೆಯಿತು. ಕೆಳಗಿನ ನ್ಯಾಯಮಂಡಳಿ ಷರತ್ತು ಪೂರೈಸಿಲ್ಲ, ಕರಾರಿಲ್ಲ ಎಂದಿತು. ಮೇಲಿನದು ಒಪ್ಪಲಿಲ್ಲ. ಕರಾರು ಒಪ್ಪಿಗೆಯ ಹೊತ್ತಿಗೇ ಹುಟ್ಟಿದೆ, ಷರತ್ತುಗಳು ಅದನ್ನು ಮುಗಿಸಲು ಬಳಸಬಹುದಾದವು ಮಾತ್ರ ಎಂದಿತು. ಸಮಂಜಸ ನೋಟಿಸ್ ಮೂರು ತಿಂಗಳು ಎಂದು ನಿಗದಿ ಮಾಡಿತು. ಈ ಪ್ರಕರಣದಲ್ಲಿ ನನ್ನ ಗಮನ ಸೆಳೆಯುವುದು ಹಿಂಪಡೆದ ಕಾರಣ. ಶಿಫಾರಸು ಕೆಟ್ಟದಾಗಿ ಬಂದು ಆಫರ್ ಹೋಗಿದ್ದರೆ ಕಥೆಯೇ ಬೇರೆ. ಹೋದದ್ದು ಪ್ರಾಜೆಕ್ಟ್ ತಡವಾದ್ದರಿಂದ, ಆ ಮಾತು ಷರತ್ತುಗಳ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಆದ್ದರಿಂದ ಹಿಂಪಡೆಯುವ ಮೇಲ್ ಬಂದಾಗ ಪತ್ರದ ಷರತ್ತುಗಳನ್ನೂ ಮೇಲ್‌ನ ಕಾರಣವನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಎರಡೂ ತಾಳೆಯಾಗದಿದ್ದರೆ ‘ಷರತ್ತಿನ ಆಫರ್’ ಎಂಬ ವಾದ ಬಹಳಷ್ಟು ಸಡಿಲವಾಗುತ್ತದೆ.

ಸರಿ, ಕರಾರು ಇತ್ತು, ಮುರಿಯಿತು ಎಂದಿಟ್ಟುಕೊಳ್ಳೋಣ. ಈಗ ಎಷ್ಟು? ಇಲ್ಲಿ ಬಹಳ ಜನರಿಗೆ ನಿರಾಶೆ ಕಾದಿರುತ್ತದೆ. ಕರಾರಿನ ಪ್ರಕಾರ ಕಂಪನಿ ನಿಮ್ಮನ್ನು ನೋಟಿಸ್ ಕೊಟ್ಟು ಕಳಿಸಬಹುದಾಗಿದ್ದರೆ, ನಿಮಗೆ ಖಚಿತವಾಗಿ ಸಿಗಬಹುದಾಗಿದ್ದುದು ಆ ನೋಟಿಸ್ ಅವಧಿಯ ಸಂಬಳ ಮಾತ್ರ. ಮುರಿದವರು ಕಾನೂನುಬದ್ಧವಾಗಿ ಹೇಗೆ ಅತಿ ಕಡಿಮೆ ಖರ್ಚಿನಲ್ಲಿ ಹೊರಬರಬಹುದಿತ್ತೋ ಅಷ್ಟಕ್ಕೇ ಪರಿಹಾರ ಎಂಬುದು ಇಂಗ್ಲಿಷ್ ಪರಂಪರೆಯ ಕರಾರು ಕಾನೂನಿನ ಲೆಕ್ಕ. ಪ್ರೊಬೇಷನ್‌ನಲ್ಲಿ ಆ ಅವಧಿ ಇನ್ನೂ ಚಿಕ್ಕದು. ಜರ್ಮನಿಯ ನಾಗರಿಕ ಸಂಹಿತೆಯಲ್ಲಿ ಪ್ರೊಬೇಷನ್ ಕಾಲದ ನೋಟಿಸ್ ಎರಡು ವಾರ. ಬ್ರಿಟನ್ನಿನ ಆ ಮ್ಯಾನೇಜರ್‌ಗೆ ಮೂರು ತಿಂಗಳು ದಕ್ಕಿದ್ದು ಅದೃಷ್ಟವೆಂದೇ ಹೇಳಬೇಕು. ಕರಾರಿನಲ್ಲೇ ಸ್ಪಷ್ಟವಾಗಿ ಒಂದು ವಾರ ಎಂದು ಬರೆದಿದ್ದರೆ ಸಮಂಜಸ ಅವಧಿ ಎಷ್ಟು ಎಂಬ ಚರ್ಚೆಗೇ ಜಾಗ ಇರುತ್ತಿರಲಿಲ್ಲ.

ಲೆಕ್ಕ ಕಣ್ಣಿಗೆ ಕಾಣಲಿ ಎಂದು ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳುತ್ತೇನೆ. ಹಳೆ ಸಂಬಳ ತಿಂಗಳಿಗೆ 100, ಹೊಸದು 130 ಎಂದಿರಲಿ. ಮಾರ್ಚ್ 1ಕ್ಕೆ ಆಫರ್ ಒಪ್ಪಿದ್ದು, ಮಾರ್ಚ್ 3ಕ್ಕೆ ರಾಜೀನಾಮೆ, ನೋಟಿಸ್ ಅರವತ್ತು ದಿನ, ಕೊನೆಯ ದಿನ ಮೇ 2. ಏಪ್ರಿಲ್ 22ಕ್ಕೆ ಆಫರ್ ಹೋಯಿತು. ಹಳೆ ಕಂಪನಿ ವಾಪಸ್ ತೆಗೆದುಕೊಳ್ಳಲಿಲ್ಲ. ಮೂರು ತಿಂಗಳು ಹುಡುಕಿದ ಮೇಲೆ ಆಗಸ್ಟ್ ಮೊದಲ ವಾರ 110ರ ಸಂಬಳಕ್ಕೆ ಬೇರೆ ಕೆಲಸ ಸಿಕ್ಕಿತು. ಹೊಸ ಕಂಪನಿಯ ಪತ್ರದಲ್ಲಿ ಪ್ರೊಬೇಷನ್ ಕಾಲದ ನೋಟಿಸ್ ಹದಿನೈದು ದಿನ.

ಕರಾರಿನ ಬಾಗಿಲಿಂದ ಹೋದರೆ ಸಿಗಬಹುದಾದದ್ದು 130ರ ಅರ್ಧ, ಅಂದರೆ 65. ಆದರೆ ರಾಜೀನಾಮೆ ಕೊಡದೇ ಇದ್ದಿದ್ದರೆ ಮೇ, ಜೂನ್, ಜುಲೈ ತಿಂಗಳುಗಳಲ್ಲಿ ಹಳೆ ಕೆಲಸದಿಂದಲೇ 300 ಬರುತ್ತಿತ್ತು. ಆಗಸ್ಟ್‌ನಿಂದ ಸಂಬಳ ಹಳೆಯದಕ್ಕಿಂತ ಹೆಚ್ಚಾದ್ದರಿಂದ ಆ ನಷ್ಟ ಅಲ್ಲಿಗೆ ನಿಲ್ಲುತ್ತದೆ. ಒಂದೇ ಘಟನೆ, ಎರಡು ಅಂಕಿ: 65 ಮತ್ತು 300. ಮೊದಲನೆಯದು ಸಿಗದೇ ಹೋದ ಕೆಲಸದ ಲೆಕ್ಕ, ಎರಡನೆಯದು ಬಿಟ್ಟು ಬಂದ ಕೆಲಸದ ಲೆಕ್ಕ. ಹೊಸ ಸಂಬಳದ ಪ್ರಕಾರ ಮೂರು ತಿಂಗಳಿಗೆ 390 ಕೊಡಿ, ಆಮೇಲೂ ತಿಂಗಳಿಗೆ 20ರಂತೆ ವ್ಯತ್ಯಾಸ ಕೊಡಿ ಎಂದು ಕೇಳುವವರೂ ಇದ್ದಾರೆ. ನೋಟಿಸ್ ಕಲಮು ಇರುವ ಕರಾರಿನಲ್ಲಿ ಆ ಬೇಡಿಕೆ ನಿಲ್ಲುವುದು ತೀರಾ ಕಷ್ಟ.

ಎರಡನೆಯ ಲೆಕ್ಕವನ್ನು ನ್ಯಾಯಾಲಯ ಒಪ್ಪಿದ ಪ್ರಸಿದ್ಧ ಉದಾಹರಣೆ ಅಮೆರಿಕದ ಮಿನ್ನೆಸೊಟಾ ರಾಜ್ಯದ್ದು. 1975ರ ಡಿಸೆಂಬರ್. ಆಗಷ್ಟೇ ಓದು ಮುಗಿಸಿ ಔಷಧ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿದ್ದ ಯುವಕನಿಗೆ ಒಂದು ಆರೋಗ್ಯ ಸಂಸ್ಥೆಯ ಕ್ಲಿನಿಕ್‌ನಲ್ಲಿ ಕೆಲಸ ಕೊಡುತ್ತೇವೆಂದು ಫೋನ್ ಬಂತು. ಆತ ಒಪ್ಪಿದ. ಈಗಿನ ಕೆಲಸಕ್ಕೆ ಎರಡು ವಾರದ ನೋಟಿಸ್ ಕೊಡಬೇಕು ಎಂದೂ ಹೇಳಿದ. ಅದೇ ದಿನ ಬೇರೆ ರಾಜ್ಯದ ಆಸ್ಪತ್ರೆಯೊಂದರಿಂದ ಬಂದ ಇನ್ನೊಂದು ಆಫರನ್ನು ಬೇಡವೆಂದ. ಅಂಗಡಿಗೆ ರಾಜೀನಾಮೆ ಕೊಟ್ಟ. ಸಂಸ್ಥೆಯವರು ಮತ್ತೆ ಫೋನ್ ಮಾಡಿ ರಾಜೀನಾಮೆ ಕೊಟ್ಟದ್ದನ್ನು ಖಚಿತಪಡಿಸಿಕೊಂಡರು. ಆಮೇಲೆ ಒಳಗಿನಿಂದ ಯಾರೋ ಶಿಫಾರಸು ಬೇಕು ಎಂದರು. ಹುಡುಕಿದರೂ ಅನುಕೂಲಕರ ಶಿಫಾರಸು ಸಿಗಲಿಲ್ಲ, ಬೇರೊಬ್ಬರನ್ನು ತೆಗೆದುಕೊಂಡರು. ಈ ಯುವಕ ನೋಟಿಸ್ ಮುಗಿಸಿ, ನಾನು ಬರಲು ಸಿದ್ಧ ಎಂದು ಕರೆ ಮಾಡಿದಾಗ ಜಾಗ ಭರ್ತಿಯಾಗಿದೆ ಎಂಬ ಉತ್ತರ ಸಿಕ್ಕಿತು.

ಸಂಸ್ಥೆಯ ವಾದ ತೆಗೆದುಹಾಕುವಂಥದ್ದಲ್ಲ. ಅಲ್ಲಿನ ಉದ್ಯೋಗ ಯಾವಾಗ ಬೇಕಾದರೂ, ಕಾರಣ ಹೇಳದೆ, ಯಾರು ಬೇಕಾದರೂ ಮುಗಿಸಬಹುದಾದದ್ದು. ಮೊದಲ ದಿನ ಬೆಳಿಗ್ಗೆ ಸೇರಿಸಿಕೊಂಡು ಮಧ್ಯಾಹ್ನ ಕಳಿಸಿದ್ದರೂ ಕೇಳುವವರಿರಲಿಲ್ಲ. ಹಾಗಿರುವಾಗ ಆತ ಕಳೆದುಕೊಂಡದ್ದಾದರೂ ಏನು? ಕರಾರಿನ ಲೆಕ್ಕದಲ್ಲಿ ಉತ್ತರ ಸೊನ್ನೆ.

ರಾಜ್ಯದ ಸರ್ವೋಚ್ಚ ನ್ಯಾಯಾಲಯ 1981ರಲ್ಲಿ ಆ ಬಾಗಿಲನ್ನೇ ಬಿಟ್ಟು ಬೇರೆ ಕಡೆಯಿಂದ ಬಂತು. ಕರಾರು ಇಲ್ಲದಿದ್ದರೆ ಇಲ್ಲದಿರಲಿ, ಮಾತು ಕೊಟ್ಟದ್ದಂತೂ ಹೌದು. ಆ ಮಾತು ನಂಬಿ ಆತ ಕೆಲಸ ಬಿಡುತ್ತಾನೆ ಎಂಬುದು ಗೊತ್ತಿತ್ತು. ನಂಬಿ ಬಿಟ್ಟ. ಈಗ ಮಾತಿನಿಂದ ಜಾರಿಕೊಳ್ಳಲು ಬಿಟ್ಟರೆ ಅನ್ಯಾಯ. ಇದಕ್ಕೆ ವಚನ ಪ್ರತಿಬಂಧ ಎಂಬ ಹೆಸರಿದೆ. ಯಾವಾಗ ಬೇಕಾದರೂ ತೆಗೆಯಬಹುದಾದ ಕೆಲಸವಾದರೂ, ಅಲ್ಲಿ ದುಡಿದು ತೋರಿಸಲು ಪ್ರಾಮಾಣಿಕವಾದ ಒಂದು ಅವಕಾಶ ಸಿಗುತ್ತದೆ ಎಂದು ನಂಬಲು ಆತನಿಗೆ ಹಕ್ಕಿತ್ತು ಎಂದಿತು ನ್ಯಾಯಾಲಯ. ಪರಿಹಾರದ ಅಳತೆ ಹೊಸ ಸಂಸ್ಥೆಯಲ್ಲಿ ಎಷ್ಟು ಗಳಿಸುತ್ತಿದ್ದ ಎಂಬುದಲ್ಲ, ಇದ್ದ ಕೆಲಸ ಬಿಟ್ಟು, ಇನ್ನೊಂದು ಆಫರ್ ತಿರಸ್ಕರಿಸಿ ಎಷ್ಟು ಕಳೆದುಕೊಂಡ ಎಂಬುದು ಎಂದೂ ಹೇಳಿತು. ನಮ್ಮ ಉದಾಹರಣೆಯ 300 ಬರುವುದು ಈ ದಾರಿಯಲ್ಲಿ.

ಆ ಪ್ರಕರಣದಲ್ಲಿ ಎಲ್ಲಕ್ಕಿಂತ ತೂಕದ ಸಂಗತಿ ಯಾವುದು ಎಂದು ಕೇಳಿದರೆ, ಎರಡನೆಯ ಫೋನ್ ಕರೆ ಎನ್ನುತ್ತೇನೆ ನಾನು. ರಾಜೀನಾಮೆ ಕೊಟ್ಟಿರಾ ಎಂದು ಅವರೇ ಕೇಳಿ ತಿಳಿದುಕೊಂಡಿದ್ದರು. ನಮಗೇನು ಗೊತ್ತಿತ್ತು ಎನ್ನಲು ಆಮೇಲೆ ಜಾಗವೇ ಉಳಿಯಲಿಲ್ಲ. ಇವತ್ತು ಅದೇ ಕೆಲಸವನ್ನು ಕಂಪನಿಗಳು ಮೇಲ್‌ನಲ್ಲಿ ಮಾಡುತ್ತವೆ: ರಾಜೀನಾಮೆ ಅಂಗೀಕಾರವಾದ ಪ್ರತಿ ಕಳಿಸಿ, ಕೊನೆಯ ದಿನ ತಿಳಿಸಿ. ಅಭ್ಯರ್ಥಿಗಳಿಗೆ ಅದೊಂದು ಕಿರಿಕಿರಿ. ಆದರೆ ನಿಮ್ಮ ನಂಬಿಕೆಯ ದಾಖಲೆಯನ್ನು ಅವರೇ ಕೇಳಿ ಪಡೆಯುತ್ತಿದ್ದಾರೆ. ಆ ಮೇಲ್ ಆಫರ್ ಲೆಟರ್‌ನಷ್ಟೇ ಬೆಲೆಬಾಳುವಂಥದ್ದು. ಹಳೆ ಕಂಪನಿಯ ಐಡಿಯಲ್ಲಿ ಇಟ್ಟುಕೊಂಡರೆ ಕೊನೆಯ ದಿನ ಸಂಜೆ ಅದೂ ಹೋಗುತ್ತದೆ, ಆದ್ದರಿಂದ ಇಂಥವೆಲ್ಲ ಸ್ವಂತ ಐಡಿಯಲ್ಲೇ ಇರಲಿ.

ಈ ದಾರಿ ಎಲ್ಲ ಕಡೆ ತೆರೆದಿಲ್ಲ. ಅಮೆರಿಕದಲ್ಲೇ ಕೆಲವು ರಾಜ್ಯಗಳ ನ್ಯಾಯಾಲಯಗಳು, ಯಾವಾಗ ಬೇಕಾದರೂ ಮುಗಿಯುವ ಕೆಲಸದ ಭರವಸೆಯನ್ನು ನಂಬಿದ್ದೇ ಸಮಂಜಸವಲ್ಲ ಎಂದು ತಳ್ಳಿಹಾಕುತ್ತವೆ. ಇಂಗ್ಲೆಂಡಿನಲ್ಲಿ ವಚನ ಪ್ರತಿಬಂಧ ರಕ್ಷಣೆಗೆ ಗುರಾಣಿಯಾಗಬಲ್ಲದು, ಅದನ್ನೇ ಕತ್ತಿಯಾಗಿ ಹಿಡಿದು ದಾವೆ ಹೂಡಲಾಗದು ಎಂಬುದು ಹಳೆಯ ಮಾತು. ಭಾರತದಲ್ಲಿ ಈ ತತ್ವ ಹೆಚ್ಚಾಗಿ ಬೆಳೆದದ್ದು ಸರ್ಕಾರ ಕೊಟ್ಟ ಮಾತಿಗೆ ತಪ್ಪಿದ ಪ್ರಕರಣಗಳಲ್ಲಿ. ಇಬ್ಬರು ಖಾಸಗಿ ವ್ಯಕ್ತಿಗಳ ನಡುವೆ ಅದನ್ನೇ ನೆಚ್ಚಿಕೊಳ್ಳುವುದಕ್ಕಿಂತ ಕರಾರು ಕಾಯ್ದೆಯ 73ನೇ ಕಲಮು ಹೆಚ್ಚು ಗಟ್ಟಿ ನೆಲ. ಕರಾರು ಮುರಿದಾಗ ಸಹಜವಾಗಿ ಆಗುವ ನಷ್ಟಕ್ಕೂ, ಮುರಿದರೆ ಆಗಬಹುದೆಂದು ಕರಾರು ಮಾಡಿಕೊಳ್ಳುವಾಗಲೇ ಇಬ್ಬರಿಗೂ ತಿಳಿದಿದ್ದ ನಷ್ಟಕ್ಕೂ ಅದು ಪರಿಹಾರ ಕೊಡುತ್ತದೆ. ದೂರದ, ಪರೋಕ್ಷ ನಷ್ಟಕ್ಕೆ ಇಲ್ಲ.

ಆ ಕಲಮಿನಲ್ಲಿ ಗಮನಿಸಬೇಕಾದದ್ದು ‘ಕರಾರು ಮಾಡಿಕೊಳ್ಳುವಾಗಲೇ’ ಎಂಬ ಮಾತು. ಒಪ್ಪಿಗೆಯಾದ ಮೂರನೇ ವಾರ ರಾಜೀನಾಮೆಯ ವಿಷಯ ತಿಳಿಸಿದರೆ ಅದು ಕರಾರಿನ ನಂತರದ ತಿಳಿವಳಿಕೆ. ಒಪ್ಪಿಗೆಯ ಮೇಲ್‌ನಲ್ಲೇ ಅದನ್ನು ಬರೆದರೆ, ಇಲ್ಲವೇ ಸಂದರ್ಶನದ ಹೊತ್ತಿನ ಮಾತುಕತೆಯಲ್ಲಿ ನೋಟಿಸ್ ಅವಧಿ ಎಷ್ಟು ಎಂದು ಕೇಳಿ ಜಾಯಿನಿಂಗ್ ದಿನ ಅದಕ್ಕೆ ತಕ್ಕಂತೆ ಇಟ್ಟಿದ್ದರೆ, ಈ ಕೆಲಸ ನೆಚ್ಚಿಕೊಂಡು ಅವರು ಇನ್ನೊಂದನ್ನು ಬಿಡುತ್ತಿದ್ದಾರೆ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿತ್ತು ಎಂದು ವಾದಿಸಬಹುದು. ಹಾಗಿದ್ದರೂ ಎದುರಿನವರು ಹದಿನೈದು ದಿನದ ನೋಟಿಸ್ ಕಲಮನ್ನು ಮುಂದಿಡುತ್ತಾರೆ. ಯಾವುದು ಗೆಲ್ಲುತ್ತದೆ ಎಂಬುದು ಪತ್ರದ ಮಾತುಗಳ ಮೇಲೆ ನಿಂತಿದೆ. ‘ಕೆಲಸಕ್ಕೆ ಸೇರಿದ ದಿನದಿಂದ ಪ್ರೊಬೇಷನ್ ಆರಂಭ’ ಎಂದು ಬರೆದಿದ್ದರೆ, ಸೇರುವ ಮುನ್ನ ಆ ಕಲಮು ಅನ್ವಯಿಸುತ್ತದೆಯೇ ಎಂದು ಕೇಳುವ ಅವಕಾಶ ಇದೆ. ಅದೇ 73ನೇ ಕಲಮು ಇನ್ನೊಂದು ಹೊರೆಯನ್ನೂ ಹಾಕುತ್ತದೆ: ನಷ್ಟ ತಗ್ಗಿಸಿಕೊಳ್ಳಲು ನಿಮಗಿದ್ದ ದಾರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಮೂರು ತಿಂಗಳು ಎಲ್ಲಿ ಅರ್ಜಿ ಹಾಕಿದಿರಿ, ಏನು ಉತ್ತರ ಬಂತು ಎಂಬುದರ ದಾಖಲೆ ಇಲ್ಲದಿದ್ದರೆ 300 ಎಂಬ ಅಂಕಿ ಕರಗುತ್ತಾ ಹೋಗುತ್ತದೆ.

ತಗ್ಗಿಸಿಕೊಳ್ಳುವ ದಾರಿಗಳಲ್ಲಿ ಎಲ್ಲಕ್ಕಿಂತ ಹತ್ತಿರದ್ದನ್ನು ಜನ ಸಂಕೋಚದಿಂದ ಬಿಟ್ಟುಬಿಡುತ್ತಾರೆ: ಹಳೆ ಕಂಪನಿಗೆ ರಾಜೀನಾಮೆ ವಾಪಸ್ ಪಡೆಯುತ್ತೇನೆ ಎಂದು ಬರೆಯುವುದು. ಇಲ್ಲಿ ದಿನಗಳ ಲೆಕ್ಕ ನಿರ್ಣಾಯಕ. ಮುಂದಿನ ತಾರೀಖಿನಿಂದ ಜಾರಿಗೆ ಬರುವ ರಾಜೀನಾಮೆಯನ್ನು, ನಿಯಮಗಳಲ್ಲಿ ಅಡ್ಡಿ ಇಲ್ಲದಿದ್ದರೆ, ಆ ತಾರೀಖು ಬರುವ ಮೊದಲು ಹಿಂಪಡೆಯಬಹುದು ಎಂದು ಭಾರತದ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿತು. ಅದು ಹೈಕೋರ್ಟ್ ನ್ಯಾಯಾಧೀಶರೊಬ್ಬರ ರಾಜೀನಾಮೆಯ ಪ್ರಕರಣ, ಆಮೇಲೆ ಸರ್ಕಾರಿ ನೌಕರರ ಪ್ರಕರಣಗಳಲ್ಲೂ ಅದೇ ಜಾಡು ಮುಂದುವರಿಯಿತು. ಖಾಸಗಿ ಕಂಪನಿಯಲ್ಲಿ ಕರಾರು, ಸೇವಾ ನಿಯಮ, ಅಂಗೀಕಾರದ ಪತ್ರ ಏನು ಹೇಳುತ್ತದೆ ಎಂಬುದೇ ಮುಖ್ಯ. ಬ್ರಿಟನ್ನಿನಲ್ಲಂತೂ ಸ್ಪಷ್ಟವಾಗಿ ಕೊಟ್ಟ ರಾಜೀನಾಮೆಯನ್ನು ಸಾಮಾನ್ಯವಾಗಿ ಮಾಲೀಕರ ಒಪ್ಪಿಗೆ ಇಲ್ಲದೆ ಹಿಂಪಡೆಯಲಾಗದು. ಏನೇ ಇರಲಿ, ನಮ್ಮ ಉದಾಹರಣೆಯಲ್ಲಿ ಏಪ್ರಿಲ್ 22ರಿಂದ ಮೇ 2ರವರೆಗೆ ಹತ್ತು ದಿನ ಇದ್ದವು. ಆ ಹತ್ತು ದಿನಗಳೊಳಗೆ ಬರೆದ ಪತ್ರ ಎರಡು ಕೆಲಸ ಮಾಡುತ್ತದೆ. ಒಪ್ಪಿದರೆ ಕೆಲಸ ಉಳಿಯುತ್ತದೆ. ಒಪ್ಪದಿದ್ದರೆ, ಬಿಟ್ಟ ಕೆಲಸವನ್ನು ಉಳಿಸಿಕೊಳ್ಳಲು ಯತ್ನಿಸಿದ್ದಕ್ಕೆ ಸಾಕ್ಷಿ ಸಿಗುತ್ತದೆ.

ಇದೇ ಕಾರಣಕ್ಕೆ ನೇರ ಹಿಂಪಡೆತಕ್ಕಿಂತ ಮುಂದೂಡಿಕೆ ಹೆಚ್ಚು ಹಾನಿಕರ ಎನ್ನುವುದು ನನ್ನ ಅಭಿಪ್ರಾಯ. ಜಾಯಿನಿಂಗ್ ಎರಡು ವಾರ ಮುಂದಕ್ಕೆ ಹೋಗಿದೆ ಎಂಬ ಮೇಲ್ ಬರುತ್ತದೆ. ಆಮೇಲೆ ಇನ್ನೂ ಒಂದು ತಿಂಗಳು. ಆಮೇಲೆ ದಿನಾಂಕವಿಲ್ಲದ ‘ಶೀಘ್ರದಲ್ಲೇ ತಿಳಿಸುತ್ತೇವೆ’. ಹಳೆ ಕಂಪನಿಯ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಬೇರೆ ಕಡೆ ಹುಡುಕಲೋ ಬೇಡವೋ ಎಂಬ ಗೊಂದಲದಲ್ಲಿ ತಿಂಗಳುಗಳು ಜಾರುತ್ತವೆ. ಕರಾರು ಮುರಿದದ್ದು ಯಾವತ್ತು ಎಂದು ತೋರಿಸುವುದೂ ಕಷ್ಟವಾಗುತ್ತದೆ. ಮೊದಲ ಮುಂದೂಡಿಕೆಗೆ ‘ಪರವಾಗಿಲ್ಲ’ ಎಂದು ಉತ್ತರಿಸಿದ್ದರೆ ಅದು ದಿನಾಂಕ ಬದಲಾವಣೆಗೆ ನೀವು ಕೊಟ್ಟ ಒಪ್ಪಿಗೆಯಾಗುತ್ತದೆ. ಹಾಗೆ ಬರೆಯುವ ಬದಲು, ಖಚಿತ ದಿನಾಂಕ ಕೊಡಿ, ಮೊದಲು ಒಪ್ಪಿದ ದಿನದಿಂದ ಸಂಬಳ ಲೆಕ್ಕವಾಗುತ್ತದೆಯೇ ತಿಳಿಸಿ, ಇಂಥ ತಾರೀಖಿನೊಳಗೆ ಉತ್ತರ ಬಾರದಿದ್ದರೆ ಆಫರ್ ಮುರಿದಿದೆ ಎಂದು ಭಾವಿಸುತ್ತೇನೆ ಎಂದು ಬರೆದರೆ ಗೆರೆ ಸ್ಪಷ್ಟವಾಗುತ್ತದೆ.

ಗರ್ಭಿಣಿ ಎಂದು ತಿಳಿದ ಮೇಲೋ, ಅಂಗವೈಕಲ್ಯದ ವಿಷಯ ಹೇಳಿದ ಮೇಲೋ ಆಫರ್ ಹೋದರೆ ಅದು ಇನ್ನೊಂದೇ ಕಾನೂನಿನ ವಿಷಯ. ಅನೇಕ ದೇಶಗಳ ತಾರತಮ್ಯ ವಿರೋಧಿ ಕಾಯ್ದೆಗಳು ಅಭ್ಯರ್ಥಿಗಳಿಗೂ ಅನ್ವಯಿಸುತ್ತವೆ, ಅಲ್ಲಿ ನೋಟಿಸ್ ಅವಧಿಯ ಮಿತಿ ಇಲ್ಲ. ವಿದ್ಯಾರ್ಹತೆ ಸುಳ್ಳು ಬರೆದದ್ದು ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಮಾತ್ರ ಈ ಲೇಖನದ ಯಾವ ವಾದವೂ ಉಪಯೋಗಕ್ಕೆ ಬಾರದು.

ಇಷ್ಟೆಲ್ಲ ಹಿಂಪಡೆದ ಮೇಲಿನ ಮಾತು. ದಾವೆ ಹೂಡಿ 65 ಪಡೆಯಲು ವಕೀಲರಿಗೆ 65ಕ್ಕಿಂತ ಹೆಚ್ಚು ತೆರಬೇಕಾದೀತು ಎಂಬುದನ್ನು ಕಂಪನಿಗಳೂ ಬಲ್ಲವು. ಅದಕ್ಕೇ ಬಹಳಷ್ಟು ಪ್ರಕರಣಗಳು ಒಂದು ನೋಟಿಸ್ ಪತ್ರ, ಒಂದಿಷ್ಟು ಚೌಕಾಸಿ, ಒಂದೆರಡು ತಿಂಗಳ ಸಂಬಳದಲ್ಲಿ ಮುಗಿಯುವುದೇ ವಾಸ್ತವ. ಆ ಚೌಕಾಸಿಯಲ್ಲಿ ಕೈ ಮೇಲಾಗುವುದು ಒಪ್ಪಿಗೆ ಮತ್ತು ರಾಜೀನಾಮೆಯ ನಡುವಿನ ಎರಡು ದಿನಗಳಲ್ಲಿ ಏನು ಬರೆದಿದ್ದಿರಿ ಎಂಬುದರಿಂದ. ನಮ್ಮ ಉದಾಹರಣೆಯಲ್ಲಿ ಅದು ಮಾರ್ಚ್ 1 ಮತ್ತು 3ರ ನಡುವಿನ ಹೊತ್ತು. ಬರೆಯಬಹುದಾದ ಮೇಲ್ ಇಷ್ಟೇ:

“ನಿಮ್ಮ ಆಫರನ್ನು ಒಪ್ಪಿಕೊಂಡಿದ್ದೇನೆ. ಇದನ್ನು ನಂಬಿ ಈಗಿನ ಕಾಯಂ ಕೆಲಸಕ್ಕೆ ಮಾರ್ಚ್ 3ರಂದು ರಾಜೀನಾಮೆ ಕೊಡಲಿದ್ದೇನೆ. ಕೈಯಲ್ಲಿರುವ ಇನ್ನೊಂದು ಆಫರನ್ನೂ ಬಿಡುತ್ತಿದ್ದೇನೆ. ಪತ್ರದಲ್ಲಿ ಹೇಳಿರುವ ಪರಿಶೀಲನೆಗಳಲ್ಲಿ ಯಾವುವು ಮುಗಿದಿವೆ, ಯಾವುವು ಬಾಕಿ ಇವೆ ಎಂದು ಅದಕ್ಕೂ ಮೊದಲು ತಿಳಿಸಿ. ಈ ಹುದ್ದೆಗೆ ಅಂತಿಮ ಮಂಜೂರಾತಿ ಆಗಿದೆಯೇ ಎಂಬುದನ್ನೂ ತಿಳಿಸಿ.”

ಇನ್ನೊಂದು ಆಫರ್ ನಿಜವಾಗಿ ಇದ್ದರೆ ಮಾತ್ರ ಆ ಸಾಲು ಇರಲಿ. ‘ಎಲ್ಲ ಮುಗಿದಿದೆ, ಧೈರ್ಯವಾಗಿ ರಾಜೀನಾಮೆ ಕೊಡಿ’ ಎಂದು ಫೋನಿನಲ್ಲಿ ಹೇಳಿದರೆ, ‘ಈಗ ತಾನೇ ಮಾತಾಡಿದಂತೆ’ ಎಂದು ಶುರುಮಾಡಿ ಅದನ್ನೇ ಅವರಿಗೆ ಮೇಲ್ ಮಾಡಿ. ‘ಹಿನ್ನೆಲೆ ಪರಿಶೀಲನೆ ಇನ್ನೂ ನಡೆಯುತ್ತಿದೆ’ ಎಂಬ ಉತ್ತರ ಬಂದರೆ, ಮಾರ್ಚ್ 3ರ ಬದಲು ಪರಿಶೀಲನೆ ಮುಗಿದ ಮರುದಿನ ರಾಜೀನಾಮೆ ಕೊಡುತ್ತೇನೆ, ಜಾಯಿನಿಂಗ್ ಅದರಿಂದ ಅರವತ್ತು ದಿನಕ್ಕೆ ಇಟ್ಟುಕೊಳ್ಳೋಣ ಎಂದು ಬರೆಯಿರಿ. ಇದಕ್ಕೆ ಅವರು ಸಿಡುಕಿದರೆ ಅದೂ ಒಂದು ಮಾಹಿತಿಯೇ, ಇನ್ನೂ ಹಳೆ ಕುರ್ಚಿಯಲ್ಲಿ ಕೂತಿರುವಾಗಲೇ ಸಿಕ್ಕಿದ್ದು.